ವರ್ಷದ ಮಗು ರಾತ್ರಿ ಪದೇ ಪದೇ ಏಳುತ್ತದೆ: ಗೆಳತಿಯ ಪ್ರಶ್ನೆಗಳು, ನನ್ನ ಉತ್ತರಗಳು

ಈ ಪ್ರಶ್ನೆಗಳೆಲ್ಲ ನನ್ನ ಗೆಳತಿಯವು. ಅವಳ ಮಗಳಿಗೆ ಈಗಷ್ಟೇ ವರ್ಷ ತುಂಬಿದೆ. ಫೋನಿನಲ್ಲಿ, ಮೆಸೇಜಿನಲ್ಲಿ, ಒಮ್ಮೊಮ್ಮೆ ಬೆಳಗಿನ ಜಾವ ಮಗುವನ್ನು ಹೆಗಲಿಗೆ ಹಾಕಿಕೊಂಡೇ ಕೇಳಿದ್ದಾಳೆ. ಬೇರೆ ಅಮ್ಮಂದಿರೂ ನನ್ನನ್ನು ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ. ಹಾಗಾಗಿ ಅವಳಿಗೆ ಹೇಳಿದ್ದನ್ನು ಅವಳಿಗೆ ಹೇಳಿದ ಹಾಗೇ ಒಂದು ಕಡೆ ಬರೆದಿಟ್ಟಿದ್ದೇನೆ.

## ಮೊದಲ ಗಾಬರಿಗಳು

ವರ್ಷ ತುಂಬಿದ ಮೇಲೂ ರಾತ್ರಿ ಐದು ಸಲ ಏಳ್ತಾಳೆ ಕಣೇ. ಇವಳಿಗೇನಾದ್ರೂ ತೊಂದರೆ ಇದೆಯಾ?

ಹಗಲು ಹೇಗಿದ್ದಾಳೆ ಅಂತ ಮೊದಲು ನೋಡು. ಆಡುತ್ತಾಳೆ, ನಗುತ್ತಾಳೆ, ತಿನ್ನುತ್ತಾಳೆ, ತೂಕ ಏರುತ್ತಿದೆ, ಗೋಡೆ ಹಿಡಿದು ಹೆಜ್ಜೆ ಇಡುತ್ತಾಳೆ ಅಂತ ನೀನೇ ಹೇಳಿದೆ. ಹೀಗಿರುವ ಮಗು ರಾತ್ರಿ ಏಳುವುದು ಸಾಮಾನ್ಯವಾಗಿ ಕಾಯಿಲೆ ಅಲ್ಲ.

ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದರಲ್ಲಿ ಹಗಲಿನ ನಿದ್ದೆಯೂ ಸೇರಿದೆ. ನಿನ್ನ ಮಗಳದ್ದನ್ನೂ ಕೂಡಿಸಿ ನೋಡಿದೆ, ಸುಮಾರು 12 ಗಂಟೆ ಬರುತ್ತದೆ. ಅಂದರೆ ಅವಳ ನಿದ್ದೆ ಕಡಿಮೆಯಾಗಿಲ್ಲ, ತುಂಡು ತುಂಡಾಗಿದೆ ಅಷ್ಟೇ. ಕಡಿಮೆಯಾಗಿರುವುದು ನಿನ್ನ ನಿದ್ದೆ. ಅದೂ ದೊಡ್ಡ ಸಮಸ್ಯೆಯೇ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಆದರೆ ಮಗಳಿಗೆ ಏನೋ ಆಗಿಬಿಟ್ಟಿದೆ ಅನ್ನುವ ಭಯ ಬಿಡು.

ಪಕ್ಕದ ಮನೆ ಮಗು ಆರು ತಿಂಗಳಿಗೇ ರಾತ್ರಿಯಿಡೀ ಮಲಗ್ತಿತ್ತಂತೆ. ನಮ್ಮದು ಮಾತ್ರ ಯಾಕೆ ಹೀಗೆ?

‘ರಾತ್ರಿಯಿಡೀ’ ಅಂದರೆ ಎಷ್ಟು ಗಂಟೆ ಅಂತ ಕೇಳಿದ್ದೀಯಾ? ಕೆಲವರ ಲೆಕ್ಕದಲ್ಲಿ ಹನ್ನೊಂದರಿಂದ ಐದರವರೆಗೆ ಮಲಗಿದರೂ ಅದು ರಾತ್ರಿಯಿಡೀ.

ಕೆನಡಾದಲ್ಲಿ ಅಮ್ಮಂದಿರನ್ನು ಕೇಳಿ ಮಾಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ವರ್ಷ ತುಂಬಿದ ಮಕ್ಕಳಲ್ಲಿ ಸುಮಾರು 28 ಶೇಕಡಾ ಒಂದೇ ಸಮನೆ ಆರು ಗಂಟೆ ಮಲಗುತ್ತಿರಲಿಲ್ಲ. ಎಂಟು ಗಂಟೆ ಅಂತ ಲೆಕ್ಕ ಹಿಡಿದರೆ ಮಲಗದವರು 43 ಶೇಕಡಾ. ಹೀಗೆ ಎದ್ದೇಳುವ ಮಕ್ಕಳಿಗೂ ಮಲಗುವ ಮಕ್ಕಳಿಗೂ ಬೆಳವಣಿಗೆಯಲ್ಲಿ, ಚುರುಕುತನದಲ್ಲಿ ಅಧ್ಯಯನ ಮಾಡಿದವರಿಗೆ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ‘ನಮ್ಮದು ಮಾತ್ರ’ ಅಲ್ಲ. ಎಷ್ಟೋ ಮನೆಗಳಲ್ಲಿ ಇದೇ ಕಥೆ, ಹೇಳಿಕೊಳ್ಳುವವರು ಕಡಿಮೆ.

‘ನಿನ್ನ ಹಾಲು ಸಾಲ್ತಿಲ್ಲ, ಅದಕ್ಕೇ ಏಳುತ್ತೆ, ರಾತ್ರಿ ಹೊಟ್ಟೆ ತುಂಬಾ ರಾಗಿ ಸರಿ ತಿನ್ನಿಸು’ ಅಂತಾರೆ ಅತ್ತೆ. ನಿಜಾನಾ?

ಅರ್ಧ ನಿಜ. ರಾಗಿ ಸರಿ ಒಳ್ಳೆಯದು, ಕೊಡು. ಆದರೆ ಮಲಗುವ ಮುಂಚೆ ಒಂದು ಬಟ್ಟಲು ಜಾಸ್ತಿ ತುರುಕಿದರೆ ಏಳುವುದು ನಿಲ್ಲುವುದಿಲ್ಲ. ಹೊಟ್ಟೆ ಭಾರವಾಗಿ ಇನ್ನಷ್ಟು ಹೊರಳಾಡಬಹುದು.

ಅತ್ತೆಯವರ ಮಾತಿನಲ್ಲಿ ನಿಜವಾಗಿರುವ ಅರ್ಧ ಇದು: ರಾತ್ರಿ ಐದು ಸಲ ಹಾಲು ಕುಡಿದ ಮಗುವಿಗೆ ಬೆಳಗ್ಗೆ ಹಸಿವಾಗುವುದಿಲ್ಲ. ಇಡ್ಲಿ ಮುಂದಿಟ್ಟರೆ ಮುಖ ತಿರುಗಿಸುತ್ತಾಳೆ. ಹಗಲು ಕಡಿಮೆ ತಿಂದದ್ದನ್ನು ರಾತ್ರಿ ಹಾಲಿನಲ್ಲಿ ತುಂಬಿಸಿಕೊಳ್ಳುತ್ತಾಳೆ. ಹೀಗೆ ಊಟ ಹಗಲಿನಿಂದ ರಾತ್ರಿಗೆ ಜಾರಿಬಿಡುತ್ತದೆ. ಅದನ್ನು ಮೆಲ್ಲಗೆ ಹಗಲಿಗೆ ತರಬೇಕು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಊಟ, ನಡುವೆ ಎರಡು ಸಲ ಬಾಳೆಹಣ್ಣೋ ಮೊಸರೋ ಏನಾದರೂ. ಮೆತ್ತಗೆ ಕಲಸಿದ ಅನ್ನ ಬೇಳೆಗೆ ಒಂದು ಚಮಚ ತುಪ್ಪ ಹಾಕು. ರಾತ್ರಿ ಊಟ ಮಲಗುವುದಕ್ಕೆ ಒಂದು ಗಂಟೆ ಮುಂಚೆಯೇ ಮುಗಿಯಲಿ.

ನಿನ್ನ ಹಾಲಿನ ಬಗ್ಗೆ ಅನುಮಾನ ಬೇಡ. ತೂಕ ಏರುತ್ತಿರುವ ಮಗುವಿಗೆ ಹಾಲು ಸಾಲುತ್ತಿಲ್ಲ ಅನ್ನುವುದಕ್ಕೆ ಆಧಾರವೇ ಇಲ್ಲ.

ಹಲ್ಲು ಬರ್ತಿರೋದಕ್ಕೆ ಇರಬಹುದಾ? ಅಮ್ಮ ಅಂತೂ ದೃಷ್ಟಿ ಆಗಿದೆ ಅಂತಾಳೆ.

ಹಲ್ಲಿನ ಕಿರಿಕಿರಿ ಒಂದು ಹಲ್ಲಿಗೆ ಸುಮಾರು ಒಂದು ವಾರ. ಹಲ್ಲು ಕಾಣಿಸುವ ಮೂರ್ನಾಲ್ಕು ದಿನ ಮುಂಚೆ ಶುರುವಾಗಿ, ಕಂಡ ಮೂರು ದಿನಕ್ಕೆ ಕಡಿಮೆಯಾಗುತ್ತದೆ. ತಿಂಗಳುಗಟ್ಟಲೆ ಏಳುವುದಕ್ಕೆ ಹಲ್ಲೊಂದೇ ಕಾರಣ ಆಗಲಾರದು. ಒಸಡಿಗೆ ಹಚ್ಚುವ ಮರಗಟ್ಟಿಸುವ ಜೆಲ್ ಮಾತ್ರ ತರಬೇಡ, ಇಷ್ಟು ಚಿಕ್ಕ ಮಕ್ಕಳಿಗೆ ಅದು ಸುರಕ್ಷಿತ ಅಲ್ಲ. ತೊಳೆದ ಬೆರಳಿನಿಂದ ಒಸಡು ಉಜ್ಜು, ತಣ್ಣಗಿನ ಒದ್ದೆ ಬಟ್ಟೆ ಕಚ್ಚಲು ಕೊಡು.

ದೃಷ್ಟಿ ತೆಗೆಯಬೇಕು ಅಂತ ಅಮ್ಮನಿಗೆ ಅನ್ನಿಸಿದರೆ ತೆಗೆಯಲಿ. ಅವರಿಗೆ ಸಮಾಧಾನ, ಮಗುವಿಗೇನೂ ತೊಂದರೆ ಇಲ್ಲ. ಮೆಣಸಿನಕಾಯಿ ಸುಟ್ಟ ಹೊಗೆ ಮಾತ್ರ ಮಗುವಿರುವ ಕೋಣೆಗೆ ಬರದಿರಲಿ.

## ಯಾಕೆ ಏಳುತ್ತಾಳೆ

ಅಲಾರಂ ಇಟ್ಟ ಹಾಗೆ ಗಂಟೆ, ಒಂದೂವರೆ ಗಂಟೆಗೊಮ್ಮೆ ಎದ್ದುಬಿಡ್ತಾಳಲ್ಲ, ಅದು ಹೇಗೆ?

ನಿದ್ದೆ ಸುತ್ತು ಸುತ್ತಾಗಿ ಬರುತ್ತದೆ. ಹಗುರ ನಿದ್ದೆ, ಗಾಢ ನಿದ್ದೆ, ಮತ್ತೆ ಹಗುರ. ದೊಡ್ಡವರಿಗೆ ಒಂದು ಸುತ್ತು ಹೆಚ್ಚುಕಡಿಮೆ ಒಂದೂವರೆ ಗಂಟೆ. ಈ ವಯಸ್ಸಿನವರಿಗೆ ಇನ್ನೂ ಚಿಕ್ಕದು, ಒಂದು ಗಂಟೆಯ ಆಸುಪಾಸು. ಸುತ್ತಿನ ಕೊನೆಯಲ್ಲಿ ಎಲ್ಲರಿಗೂ ಅರೆ ಎಚ್ಚರವಾಗುತ್ತದೆ. ನಮಗೂ ಆಗುತ್ತದೆ, ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ, ಬೆಳಗ್ಗೆ ನೆನಪಿರುವುದಿಲ್ಲ.

ಪಕ್ಕದ ಮನೆ ಮಗುವಿಗೂ ಎಚ್ಚರವಾಗುತ್ತದೆ. ಮಕ್ಕಳು ಮಲಗಿದಾಗ ವಿಡಿಯೊ ಮಾಡಿ ನೋಡಿದವರು ಗಮನಿಸಿದ್ದು ಇದನ್ನೇ. ಕೆಲವರು ಕಣ್ಣು ಬಿಟ್ಟು, ಬೆರಳು ಚೀಪಿ, ಹಾಗೇ ಮಲಗುತ್ತಾರೆ. ಕೆಲವರು ಕೂಗುತ್ತಾರೆ. ವ್ಯತ್ಯಾಸ ಏಳುವುದರಲ್ಲಿಲ್ಲ, ಎದ್ದ ಮೇಲೆ ಮತ್ತೆ ಮಲಗುವುದರಲ್ಲಿದೆ.

ನಿನ್ನ ಮಗಳು ರಾತ್ರಿ ನಿದ್ದೆಗೆ ಜಾರುವುದು ಹೇಗೆ? ನಿನ್ನ ಮಡಿಲಲ್ಲಿ, ಬಾಯಲ್ಲಿ ಹಾಲು. ಆಮೇಲೆ ನೀನು ಮೆಲ್ಲಗೆ ಹಾಸಿಗೆಗೆ ಇಳಿಸಿ ಎದ್ದು ಬರುತ್ತೀಯ. ಒಂದು ಗಂಟೆ ಬಿಟ್ಟು ಅರೆ ಎಚ್ಚರವಾದಾಗ ಮಡಿಲೂ ಇಲ್ಲ, ಹಾಲೂ ಇಲ್ಲ. ತಲೆಯ ಕೆಳಗಿದ್ದ ದಿಂಬನ್ನು ಯಾರೋ ಎಳೆದುಕೊಂಡು ಹೋಗಿದ್ದರೆ ನಾವೂ ಪೂರ್ತಿ ಎದ್ದು ಹುಡುಕುತ್ತೇವೆ, ಅಲ್ವಾ? ಅವಳದ್ದೂ ಅಷ್ಟೇ. ಅದು ಹಟ ಅಲ್ಲ, ಕೆಟ್ಟ ಅಭ್ಯಾಸವೂ ಅಲ್ಲ. ಮಲಗಿದ್ದು ಹೇಗೋ ಹಾಗೇ ಮತ್ತೆ ಮಲಗಬೇಕು ಅಂತ ಕೇಳುತ್ತಿದ್ದಾಳೆ.

ಇದರ ಜೊತೆಗೆ ಈ ವಯಸ್ಸಿನಲ್ಲಿ ಅಮ್ಮ ಕಾಣದಿದ್ದರೆ ಭಯ ಜಾಸ್ತಿ. ಹಗಲು ನೀನು ಬಚ್ಚಲಿಗೆ ಹೋದರೂ ಬಾಗಿಲಲ್ಲಿ ಕೂತು ಅಳುತ್ತಾಳೆ ಅಂದೆಯಲ್ಲ, ರಾತ್ರಿ ಕೂಗುವುದರಲ್ಲೂ ಅದೇ ಭಯ ಸೇರಿದೆ. ಎದ್ದು ನಿಲ್ಲುವುದು, ನಡೆಯುವುದು ಕಲಿಯುವಾಗಲೂ ಮಕ್ಕಳ ನಿದ್ದೆ ಕದಡುತ್ತದೆ. ನನ್ನ ಮಗ ನಡೆಯಲು ಕಲಿಯುವಾಗ ಸೊಳ್ಳೆ ಪರದೆ ಹಿಡಿದು ಕತ್ತಲಲ್ಲಿ ಎದ್ದು ನಿಲ್ಲುತ್ತಿದ್ದ. ಕೂರುವುದು ಹೇಗೆ ಅಂತ ಗೊತ್ತಾಗದೆ ಅಳುತ್ತಿದ್ದ. ಹಗಲು ನಿಂತಲ್ಲಿಂದ ಕೂರುವ ಆಟ ಆಡಿಸಿದ ಮೇಲೆ ಅದು ನಿಂತಿತು.

ಮೂರು ದಿನದ ಲೆಕ್ಕ ಬರೆದು ಕಳಿಸಿದ್ದೀನಿ. ಇದರಲ್ಲಿ ಏನಾದ್ರೂ ಕಾಣುತ್ತಾ?

ತುಂಬಾ ಕಾಣುತ್ತದೆ. ಮೂರೂ ದಿನ ಹೆಚ್ಚುಕಡಿಮೆ ಒಂದೇ ತರಹ ಇದೆ:

ಬೆಳಗ್ಗೆ 8ಕ್ಕೆ ಎದ್ದಳು. 11ರಿಂದ 12 ಒಂದು ನಿದ್ದೆ. ಸಂಜೆ 5ರಿಂದ 6.30 ಇನ್ನೊಂದು. ರಾತ್ರಿ 9ಕ್ಕೆ ಮಲಗಿಸಲು ಶುರು, ಮಲಗಿದ್ದು 10.15. ಎದ್ದಿದ್ದು 11.15, 12.30, 2, 3.30, 5. ಪ್ರತಿ ಸಲವೂ ಹಾಲು.

ಮೊದಲು ಸಂಜೆ ನಿದ್ದೆ ನೋಡು. 6.30ಕ್ಕೆ ಎದ್ದ ಮಗುವನ್ನು 9ಕ್ಕೆ ಮಲಗು ಅಂದರೆ ಆಗುವುದಿಲ್ಲ. ಈ ವಯಸ್ಸಿನ ಎಷ್ಟೋ ಮಕ್ಕಳಿಗೆ ರಾತ್ರಿ ಮಲಗುವ ಮುಂಚೆ ನಾಲ್ಕು ಗಂಟೆಯಷ್ಟಾದರೂ ಎಚ್ಚರ ಬೇಕು. ಅದಕ್ಕೇ ನೀನು ಒಂದೂಕಾಲು ಗಂಟೆ ತೊಡೆಯ ಮೇಲೆ ಹಾಕಿಕೊಂಡು ಕೂರುವಂತಾಗಿದೆ. ಅಷ್ಟು ಹೊತ್ತು ಮಲಗಲು ಇರುವುದು ಹಾಲೊಂದೇ ದಾರಿ, ಹಾಗಾಗಿ ಹಾಲಿನ ನಂಟೂ ಗಟ್ಟಿಯಾಗುತ್ತಿದೆ.

ಆಮೇಲೆ 11.15 ನೋಡು. ಮಲಗಿ ಸರಿಯಾಗಿ ಒಂದು ಗಂಟೆ, ಅಂದರೆ ಒಂದು ಸುತ್ತು. ರಾತ್ರಿ ಊಟ ಮಾಡಿ, ಹಾಲು ಕುಡಿದು ಮಲಗಿದ ಮಗುವಿಗೆ ಒಂದೇ ಗಂಟೆಯಲ್ಲಿ ಹಸಿವಾಗುವುದಿಲ್ಲ. 5 ಗಂಟೆಯದ್ದು ಹಸಿವು ಇರಬಹುದು. ಐದರಲ್ಲಿ ಯಾವುದು ಹಸಿವು, ಯಾವುದು ಬರೀ ಅಭ್ಯಾಸ ಅಂತ ಬೇರೆ ಮಾಡಿಕೊಂಡರೆ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುವ ಗೋಜಿಲ್ಲ.

ಮೊದಲ ವಾರ ರಾತ್ರಿಯನ್ನು ಮುಟ್ಟಲೇಬೇಡ. ಹಗಲನ್ನು ಮಾತ್ರ ಸರಿಸು. ಬೆಳಗ್ಗೆ 7ಕ್ಕೆ ಕಿಟಕಿ ತೆರೆದು ಬೆಳಕು ಬಿಟ್ಟು ಎಬ್ಬಿಸು, ರಾತ್ರಿ ಹೇಗೇ ಕಳೆದಿರಲಿ. 10.15ಕ್ಕೆ ಮೊದಲ ನಿದ್ದೆ, ಒಂದು ಗಂಟೆ. ಎರಡನೆಯದು 2.30ರ ಹೊತ್ತಿಗೆ, 4ರೊಳಗೆ ಎಬ್ಬಿಸು. ಸಂಜೆ ಹೊರಗೆ ಓಡಾಡಿಸು. 7ಕ್ಕೆ ಊಟ, 8.15ಕ್ಕೆ ಹಾಸಿಗೆ. ಒಂದೇ ದಿನಕ್ಕೆ ಆಗದಿದ್ದರೆ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷದಂತೆ ಹಿಂದಕ್ಕೆ ತಾ. ಹಗಲಿನ ನಿದ್ದೆಯನ್ನು ಪೂರ್ತಿ ತಪ್ಪಿಸಬೇಡ. ದಣಿದ ಮಗು ರಾತ್ರಿ ಚೆನ್ನಾಗಿ ಮಲಗುತ್ತದೆ ಅಂತಾರೆ, ಆದರೆ ವಿಪರೀತ ದಣಿದ ಮಗು ರಚ್ಚೆ ಹಿಡಿಯುತ್ತದೆ, ಇನ್ನೂ ಜಾಸ್ತಿ ಏಳುತ್ತದೆ. ಎರಡು ನಿದ್ದೆ ಒಂದಾಗುವ ಕಾಲ ಹೆಚ್ಚಿನ ಮಕ್ಕಳಿಗೆ ಒಂದು ವರ್ಷ ಎರಡು ತಿಂಗಳಿಂದ ಒಂದೂವರೆ ವರ್ಷದ ನಡುವೆ. ಅವಸರ ಬೇಡ.

## ಏನು ಮಾಡಬಹುದು

ಹಾಲು ಕುಡೀತಾನೇ ಮಲಗೋದನ್ನ ಬಿಡಿಸೋದು ಹೇಗೆ? ಎದೆಯಿಂದ ಬಿಡಿಸಿದ ಕೂಡಲೇ ಕಿರುಚ್ತಾಳೆ.

ಹಾಲನ್ನು ಬಿಡಿಸಬೇಡ, ಜಾಗ ಬದಲಿಸು. ಈಗ ಹಾಲು ಕೊನೆಯಲ್ಲಿದೆ, ಅದನ್ನು ಮುಂದಕ್ಕೆ ತಾ. ಸಂಜೆಯ ಕ್ರಮ ಹೀಗಿರಲಿ: ಉಗುರುಬೆಚ್ಚಗಿನ ನೀರಲ್ಲಿ ಕೈಕಾಲು ತೊಳೆಸು, ಬಟ್ಟೆ ಬದಲಿಸು, ದೀಪ ಇರುವಾಗಲೇ ಕೂತು ಹಾಲು ಕೊಡು, ಹಲ್ಲು ಒರೆಸು, ಆಮೇಲೆ ದೀಪ ಆರಿಸಿ ಜೋಗುಳ, ಹಾಸಿಗೆ. ದಿನವೂ ಅದೇ ಕ್ರಮ, ಅದೇ ಹಾಡು. ಬರಬರುತ್ತಾ ಆ ಹಾಡೇ ಅವಳಿಗೆ ನಿದ್ದೆಯ ಗುರುತಾಗುತ್ತದೆ.

ಒಮ್ಮೆಗೇ ಇಷ್ಟು ಮಾಡಲು ಹೋದರೆ ಕಿರುಚುತ್ತಾಳೆ, ನಿಜ. ಅದಕ್ಕೇ ಮೆಟ್ಟಿಲು ಮೆಟ್ಟಿಲಾಗಿ ಹೋಗು. ಮೊದಲ ಕೆಲವು ದಿನ ಹಾಲು ಕೊಡುತ್ತಲೇ ಬೆನ್ನು ತಟ್ಟು, ಅದೇ ಜೋಗುಳ ಹಾಡು. ಎರಡೂ ಜೊತೆಯಾಗಲಿ. ನಂತರ, ಗುಟುಕು ನಿಧಾನವಾಗಿ ಬರೀ ಚೀಪುವುದು ಉಳಿದಾಗ ಕಿರುಬೆರಳನ್ನು ಬಾಯಿಯ ಅಂಚಿಗೆ ಹಾಕಿ ಮೆಲ್ಲಗೆ ಬಿಡಿಸು. ಅತ್ತರೆ ಮತ್ತೆ ಕೊಡು, ಅರ್ಧ ನಿಮಿಷ ಬಿಟ್ಟು ಮತ್ತೆ ಬಿಡಿಸು. ಕೆಲವು ರಾತ್ರಿ ಹತ್ತು ಸಲ ಮಾಡಬೇಕಾಗುತ್ತದೆ. ಒಂದು ದಿನ ಬಿಡಿಸಿದ ಮೇಲೂ ಕಣ್ಣು ಮುಚ್ಚಿಯೇ ಇರುತ್ತಾಳೆ. ಅಲ್ಲಿಂದ ಹಾಸಿಗೆಗೆ ಇಳಿಸಿ, ಪಕ್ಕದಲ್ಲಿ ಮಲಗಿ ತಟ್ಟುವುದು. ಆಮೇಲೆ ತಟ್ಟುವುದೂ ನಿಂತು ಬರೀ ಕೈ ಇಟ್ಟಿರುವುದು. ಒಂದೊಂದು ಮೆಟ್ಟಿಲಿಗೂ ನಾಲ್ಕೈದು ದಿನವೋ ವಾರವೋ ಆಗಬಹುದು.

ನೆಲದ ಮೇಲೆ ದೊಡ್ಡ ಹಾಸಿಗೆ ಹಾಕಿದ್ದರೆ ಇದೆಲ್ಲ ಸಲೀಸು. ಇಳಿಸುವಾಗ ಎಚ್ಚರವಾಗುವ ಕಾಟವೂ ಇಲ್ಲ, ಬೀಳುವ ಭಯವೂ ಇಲ್ಲ. ಎದ್ದು ನಿಲ್ಲುವ ಮಗುವನ್ನು ಸೀರೆ ಜೋಲಿಯಲ್ಲಿ ಒಂಟಿಯಾಗಿ ಬಿಡುವುದು ಇನ್ನು ಸರಿಯಲ್ಲ.

ಮಧ್ಯರಾತ್ರಿ ಹಾಲು ನಿಲ್ಲಿಸಲೇಬೇಕಾ? ನನಗೆ ಮನಸ್ಸು ಬರ್ತಿಲ್ಲ.

ನಿಲ್ಲಿಸಲೇಬೇಕು ಅಂತ ಏನೂ ಇಲ್ಲ. ಎರಡು ವರ್ಷದವರೆಗೆ, ಬೇಕಾದರೆ ಅದಕ್ಕೂ ಮುಂದೆ ಎದೆಹಾಲು ಕೊಡಿ ಅಂತಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ನಿನಗೆ ಎರಡು ಸಲ ಕೊಡುವುದು ಕಷ್ಟ ಅನ್ನಿಸದಿದ್ದರೆ ಆ ಎರಡನ್ನು ಇಟ್ಟುಕೋ. ಆರೋಗ್ಯವಾಗಿ ತಿಂದುಂಡು ಇರುವ ವರ್ಷದ ಮಗುವಿಗೆ ರಾತ್ರಿ ಹಾಲಿಲ್ಲದೆಯೂ ನಡೆಯುತ್ತದೆ ಅನ್ನುವುದು ಗೊತ್ತಿರಲಿ ಅಷ್ಟೇ.

ಕಡಿಮೆ ಮಾಡಬೇಕು ಅನ್ನಿಸಿದಾಗ 11.15ರದ್ದರಿಂದ ಶುರು ಮಾಡು. ಆ ಸಲ ಎಷ್ಟು ನಿಮಿಷ ಕುಡಿಯುತ್ತಾಳೆ ನೋಡು. ಐದು ನಿಮಿಷಕ್ಕಿಂತ ಕಡಿಮೆ ಇದ್ದರೆ ಅದು ಹಸಿವಲ್ಲ, ನೇರವಾಗಿ ನಿಲ್ಲಿಸಿ ತಟ್ಟಿ ಮಲಗಿಸಬಹುದು. ಹತ್ತು ನಿಮಿಷ ಇದ್ದರೆ ಎರಡು ರಾತ್ರಿಗೊಮ್ಮೆ ಎರಡು ನಿಮಿಷ ಕಡಿಮೆ ಮಾಡುತ್ತಾ ಬಾ. ಆಮೇಲೆ 12.30, ಆಮೇಲೆ 2. 5 ಗಂಟೆಯದ್ದನ್ನು ಕೊನೆಗೆ ಇಟ್ಟುಕೋ.

ಆ ಮೊದಲ ಸಲಕ್ಕೆ ನಿನ್ನ ಗಂಡ ಹೋಗಲಿ. ಹಾಲಿನ ವಾಸನೆ ಹತ್ತಿರ ಇಲ್ಲದಿದ್ದರೆ ಎಷ್ಟೋ ಮಕ್ಕಳು ಬೇಗ ಒಪ್ಪಿಕೊಳ್ಳುತ್ತಾರೆ. ಮೊದಲ ಎರಡು ರಾತ್ರಿ ಅಪ್ಪನ ಹೆಗಲ ಮೇಲೆ ಗಲಾಟೆ ಇರುತ್ತದೆ, ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳಬೇಡ.

ಬಾಟಲಿ ಹಾಲಾದರೆ ಮಾತ್ರ ನಾನು ಇಷ್ಟು ಸಡಿಲ ಇರುವುದಿಲ್ಲ. ಬಾಯಲ್ಲಿ ಬಾಟಲಿ ಇಟ್ಟುಕೊಂಡೇ ಮಲಗಿದರೆ ಮೇಲಿನ ಮುಂದಿನ ಹಲ್ಲು ಹುಳುಕಾಗುತ್ತವೆ. ಜೊತೆಗೆ ದಿನಕ್ಕೆ ಅರ್ಧ ಲೀಟರ್‌ಗಿಂತ ಜಾಸ್ತಿ ಹಸುವಿನ ಹಾಲು ಕುಡಿಯುವ ಮಗುವಿಗೆ ಊಟ ಸೇರುವುದಿಲ್ಲ, ರಕ್ತ ಕಡಿಮೆಯಾಗುತ್ತದೆ.

‘ಅಳೋಕೆ ಬಿಡು, ಮೂರೇ ದಿನದಲ್ಲಿ ಕಲಿತುಕೊಳ್ಳುತ್ತೆ’ ಅಂತ ಆಫೀಸಿನಲ್ಲಿ ಹೇಳಿದರು. ಮಾಡಲಾ?

ನಿನಗೆ ಆಗುವುದಿಲ್ಲ ಅನ್ನಿಸಿದರೆ ಮಾಡಬೇಡ. ಮಾಡಿದವರನ್ನು ಕಲ್ಲೆದೆಯವರು ಅಂತಲೂ ಅನ್ನಬೇಡ. ಆಸ್ಟ್ರೇಲಿಯಾದಲ್ಲಿ ಕೆಲವು ಮನೆಗಳಿಗೆ ಎರಡು ದಾರಿ ಕಲಿಸಿದ್ದರು: ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಹೋಗಿ ಸಮಾಧಾನ ಮಾಡುವುದು, ಇಲ್ಲವೇ ಮಗುವಿನ ಪಕ್ಕದಲ್ಲೇ ಕೂತು ದಿನದಿಂದ ದಿನಕ್ಕೆ ದೂರ ಸರಿಯುವುದು. ಆ ಮಕ್ಕಳಿಗೆ ಆರು ವರ್ಷವಾದಾಗ ಮತ್ತೆ ನೋಡಿದರು. 2012ರಲ್ಲಿ ಬಂದ ಆ ವರದಿಯ ಪ್ರಕಾರ ಹಾನಿಯೂ ಆಗಿರಲಿಲ್ಲ, ಅಷ್ಟು ವರ್ಷ ಉಳಿದ ಲಾಭವೂ ಇರಲಿಲ್ಲ.

ಒಂದೇ ಕೋಣೆಯಲ್ಲಿ ಎಲ್ಲರೂ ಮಲಗುವ, ಗೋಡೆಯಾಚೆ ಇನ್ನೊಂದು ಸಂಸಾರ ಇರುವ ನಮ್ಮ ಮನೆಗಳಿಗೆ ಎರಡನೆಯ ದಾರಿಯೇ ಹೊಂದುತ್ತದೆ. ಮೇಲೆ ನಾನು ಹೇಳಿದ ಮೆಟ್ಟಿಲುಗಳೂ ಅದೇ ಜಾತಿಯವು. ನಿಧಾನ ಆಗುತ್ತದೆ, ಆದರೆ ಅಳುವಾಗ ನೀನು ಅಲ್ಲೇ ಇರುತ್ತೀಯ.

ನಾಲ್ಕು ದಿನ ಚೆನ್ನಾಗಿತ್ತು, ಐದನೇ ದಿನ ಮೊದಲಿಗಿಂತ ಜಾಸ್ತಿ ಅತ್ತಳು. ಎಲ್ಲ ಹಾಳಾಯ್ತಾ?

ಇಲ್ಲ. ಹಳೆಯ ದಾರಿ ಮತ್ತೆ ಸಿಗುತ್ತಾ ಅಂತ ಮಗು ಇನ್ನೊಮ್ಮೆ ಜೋರಾಗಿ ಕೇಳಿ ನೋಡುತ್ತದೆ. ಆ ರಾತ್ರಿಯೂ ಅದೇ ಹಾಡು, ಅದೇ ತಟ್ಟುವಿಕೆ. ಒಂದು ರಾತ್ರಿ ಇಲ್ಲ ಅಂದು ಮರುರಾತ್ರಿ ಅತ್ತು ಸಾಕಾದ ಮೇಲೆ ಕೊಟ್ಟರೆ, ಇನ್ನೂ ಜೋರಾಗಿ ಅಳಬೇಕು ಅಂತ ಅವಳು ಕಲಿಯುತ್ತಾಳೆ. ಕೊಡುವುದಾದರೆ ಮೊದಲ ಕೂಗಿಗೇ ಕೊಡು.

ಜ್ವರ, ನೆಗಡಿ, ಊರ ಜಾತ್ರೆ, ಮದುವೆ ಮನೆ ಬಂದರೆ ಎಲ್ಲ ಪಕ್ಕಕ್ಕಿಡು. ಆ ದಿನಗಳಲ್ಲಿ ಎಷ್ಟು ಕೇಳಿದರೂ ಕೊಡು. ಮನೆಗೆ ಬಂದ ಮೇಲೆ, ಹುಷಾರಾದ ಮೇಲೆ, ಒಂದು ಮೆಟ್ಟಿಲು ಹಿಂದಿನಿಂದ ಶುರು ಮಾಡು. ಎರಡನೇ ಸಲ ಸಾಮಾನ್ಯವಾಗಿ ಬೇಗ ಆಗುತ್ತದೆ.

ನೆಗಡಿ ಸಿರಪ್ ಎರಡು ಹನಿ ಹಾಕಿದರೆ ಚೆನ್ನಾಗಿ ಮಲಗ್ತಾರಂತೆ. ಜಾಯಿಕಾಯಿ ತೇಯ್ದು ಕೊಡ್ಲಾ?

ಎರಡೂ ಬೇಡ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿದ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಲೇಬಲ್ ಮೇಲೆ ಬರೆಯಲು 2023ರಲ್ಲಿ ನಮ್ಮ ಸರ್ಕಾರದ ಔಷಧ ನಿಯಂತ್ರಣ ಇಲಾಖೆಯೇ ಹೇಳಿದೆ. ಮಂಪರು ಬರಿಸುವುದು ನಿದ್ದೆ ಬರಿಸಿದ ಹಾಗಲ್ಲ. ಜಾಯಿಕಾಯಿ ಜಾಸ್ತಿಯಾದರೆ ಅದೂ ವಿಷವೇ, ತೇಯ್ದಾಗ ಎಷ್ಟು ಹೋಯಿತು ಅಂತ ಅಳೆಯಲು ಆಗುವುದಿಲ್ಲ.

## ಡಾಕ್ಟರ್ ಹತ್ತಿರ ಯಾವಾಗ

ಇದು ಅಭ್ಯಾಸ ಅಲ್ಲ, ಬೇರೇನೋ ಇದೆ ಅಂತ ಹೇಗೆ ಗೊತ್ತಾಗುತ್ತೆ?

ಎತ್ತಿಕೊಂಡರೆ, ಹಾಲು ಕೊಟ್ಟರೆ ಸುಮ್ಮನಾಗುವ ಅಳು ಬಹುತೇಕ ಅಭ್ಯಾಸದ್ದು. ಎತ್ತಿಕೊಂಡರೂ ನಿಲ್ಲದ ಅಳು ಬೇರೆ.

ಮಲಗಿಸಿದಾಗಲೇ ಜಾಸ್ತಿ ಅತ್ತು, ಕೂರಿಸಿದರೆ ಕಡಿಮೆಯಾದರೆ, ನೆಗಡಿಯೋ ಜ್ವರವೋ ಇದ್ದರೆ ಕಿವಿ ನೋಡಿಸು. ನೆಗಡಿ ಇಲ್ಲದ ದಿನವೂ ಗೊರಕೆ ಹೊಡೆಯುತ್ತಾ, ಬಾಯಿ ತೆರೆದು ಉಸಿರಾಡುತ್ತಾ, ನಡುವೆ ಉಸಿರು ತಡೆದ ಹಾಗಾಗಿ ಬೆಚ್ಚಿ ಎದ್ದರೆ ಮೊಬೈಲಿನಲ್ಲಿ ಒಂದೆರಡು ನಿಮಿಷ ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸು. ರಾತ್ರಿ ಹಿಂಭಾಗ ತುರಿಸಿಕೊಂಡು ಅತ್ತರೆ ಹುಳ ಇರಬಹುದು.

ರಕ್ತಹೀನತೆಯನ್ನು ನಾವು ಮರೆಯುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಇಬ್ಬರಿಗೆ ರಕ್ತ ಕಡಿಮೆ ಇತ್ತು. ಕಬ್ಬಿಣಾಂಶ ಕಡಿಮೆಯಾದ ಮಗು ನಿದ್ದೆಯಲ್ಲೂ ಕಾಲು ಒದೆಯುತ್ತಾ ಹೊರಳಾಡಬಹುದು. ಕಣ್ಣಿನ ಕೆಳರೆಪ್ಪೆ ಬಿಳಿಚಿದ್ದರೆ, ಮಣ್ಣು ಸುಣ್ಣ ತಿನ್ನುತ್ತಿದ್ದರೆ ಒಂದು ರಕ್ತ ಪರೀಕ್ಷೆ ಮಾಡಿಸು. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ, ಒಂದೊಂದು ಎಂ.ಎಲ್. ಅದನ್ನು ಕಪಾಟಿನಲ್ಲಿ ಇಟ್ಟುಬಿಡಬೇಡ.

ಇದೊಂದಕ್ಕೆ ಮಾತ್ರ ಬೆಳಗಾಗುವವರೆಗೂ ಕಾಯಬೇಡ: ಬಿಟ್ಟು ಬಿಟ್ಟು ಕಾಲು ಮಡಚಿ ಚೀರುವುದು, ನಡುವೆ ಸುಸ್ತಾಗಿ ಬೀಳುವುದು, ವಾಂತಿ, ಮಲದಲ್ಲಿ ರಕ್ತ. ಕರುಳು ಒಂದರೊಳಗೊಂದು ಸಿಕ್ಕಿಕೊಂಡಾಗ ಹೀಗಾಗುತ್ತದೆ. ಆ ರಾತ್ರಿಯೇ ಆಸ್ಪತ್ರೆಗೆ ಹೊರಡು.

ಮಗು ಬಿಡು, ನನಗೇ ಆಗ್ತಿಲ್ಲ. ಒಂದೊಂದು ಸಲ ಅವಳ ಮೇಲೆ ರೇಗಿಬಿಡ್ತೀನಿ.

ವರ್ಷವಿಡೀ ಒಂದೂವರೆ ಗಂಟೆಗೊಮ್ಮೆ ಎದ್ದವರು ಯಾರಾದರೂ ರೇಗುತ್ತಾರೆ. ನಿನಗೆ ಬೇಕಿರುವುದು ಒಂದೇ ಸಮನೆ ನಾಲ್ಕು ಗಂಟೆ ನಿದ್ದೆ. 8.30ಕ್ಕೆ ಮಗು ಮಲಗಿದ ಕೂಡಲೇ ನೀನೂ ಇನ್ನೊಂದು ಕೋಣೆಯಲ್ಲಿ ಮಲಗು. 1 ಗಂಟೆಯವರೆಗೆ ಗಂಡನದ್ದೋ ಅತ್ತೆಯದ್ದೋ ಪಾಳಿ. ಪಾತ್ರೆ ಬೆಳಗ್ಗೆ ತೊಳೆದರಾಯಿತು. ಇದನ್ನು ಕೇಳಲು ಸಂಕೋಚ ಬೇಡ. ನಿನ್ನ ಅತ್ತೆಗೆ ನಾನೇ ಫೋನ್ ಮಾಡಿ ಹೇಳುತ್ತೇನೆ, ಅವರು ನನ್ನ ಮಾತು ಕೇಳುತ್ತಾರೆ.

ತಾಳ್ಮೆ ಪೂರ್ತಿ ಹೋದ ಕ್ಷಣದಲ್ಲಿ ಮಗುವನ್ನು ನೆಲದ ಹಾಸಿಗೆಯಲ್ಲಿ ಬಿಟ್ಟು, ಬಾಗಿಲಾಚೆ ಹೋಗಿ ಐದು ನಿಮಿಷ ಕೂತು ಬಾ. ಅತ್ತರೆ ಅಳಲಿ. ಕೋಪದಲ್ಲಿ ಅಲುಗಾಡಿಸಿದರೆ ಮಾತ್ರ ಮಗುವಿನ ಮೆದುಳಿಗೆ ಪೆಟ್ಟಾಗುತ್ತದೆ.

ಇನ್ನೊಂದು ಮಾತು ಕೇಳುತ್ತೇನೆ, ನಿಜ ಹೇಳು. ಅವಳು ಮಲಗಿದಾಗಲೂ ನಿನಗೆ ನಿದ್ದೆ ಬರುತ್ತಿಲ್ಲವಾ? ಯಾವುದೂ ಬೇಡ ಅನ್ನಿಸುವುದು, ಕಾರಣವಿಲ್ಲದೆ ಅಳು ಬರುವುದು ಎರಡು ವಾರದಿಂದ ಇದೆಯಾ? ಹಾಗಿದ್ದರೆ ಅದು ನಿದ್ದೆಗೆಟ್ಟ ಸುಸ್ತು ಮಾತ್ರ ಅಲ್ಲ. ಬಾಣಂತನ ಮುಗಿದು ವರ್ಷವಾದ ಮೇಲೂ ಖಿನ್ನತೆ ಬರುತ್ತದೆ, ವಾಸಿಯೂ ಆಗುತ್ತದೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಸಿಗುತ್ತಾರೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಮೂರು ಗಂಟೆಗೂ ಎತ್ತುತ್ತಾರೆ. ಡಾಕ್ಟರ್ ಹತ್ತಿರ ಹೋಗುವುದಾದರೆ ನಾನು ಜೊತೆಗೆ ಬರುತ್ತೇನೆ. ಶನಿವಾರ ನನಗೆ ರಜೆ.